ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಾಗ ಆಗುವ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

"ಕೋಚ್ ನಾನು ನಾಳೆ ಆಡ್ತೀನಿ ಅಂದ್ರು." ಇದನ್ನು ನಿಮ್ಮ ಗೆಳೆಯ ಬಂದು ಹೇಳಿದ ಅಂದುಕೊಳ್ಳಿ. ನಾಳೆ ಆಡುವವರು ಯಾರು? ಕೋಚಾ, ಗೆಳೆಯನಾ? ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಉತ್ತರ ಸಿಗುವುದಿಲ್ಲ. ಇಂಥ ಮಾತುಗಳ ಬಗ್ಗೆ ಬರುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಕನ್ನಡದ ಬಗ್ಗೆಯೇ. ಇಂಗ್ಲಿಷಿನ ನಿಯಮ ಕನ್ನಡದೊಳಗೆ ನುಗ್ಗಿ ತೊಂದರೆ ಕೊಡುವ ಕಡೆ ಅದನ್ನೂ ನೋಡಿದ್ದೇನೆ.

ನೇರ ಮಾತು, ಪರೋಕ್ಷ ಮಾತು ಅಂದರೆ ಏನು?

ಹೇಳಿದವರ ಮಾತನ್ನು ಹಾಗೇ ಎತ್ತಿ ಇಟ್ಟರೆ ನೇರ ಮಾತು. "ನನಗೆ ಹಸಿವಾಗಿದೆ" ಎಂದು ರವಿ ಹೇಳಿದ. ಮಾತಿನ ಅರ್ಥ ಉಳಿಸಿಕೊಂಡು ನಿಮ್ಮ ವಾಕ್ಯದೊಳಗೆ ಸೇರಿಸಿದರೆ ಪರೋಕ್ಷ ಮಾತು. ತನಗೆ ಹಸಿವಾಗಿರುವುದಾಗಿ ರವಿ ಹೇಳಿದ.

ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಯಾರ ಜಾಗದಲ್ಲಿ ನಿಂತು ಮಾತಾಡುತ್ತಿದ್ದೀರಿ ಅನ್ನುವುದು. ನೇರ ಮಾತಿನಲ್ಲಿ ನೀವು ರವಿಯ ಜಾಗದಲ್ಲಿ ನಿಲ್ಲುತ್ತೀರಿ. ಅಲ್ಲಿ "ನಾನು" ಅಂದರೆ ರವಿ, "ಇಲ್ಲಿ" ಅಂದರೆ ರವಿ ಇದ್ದ ಜಾಗ, "ನಾಳೆ" ಅಂದರೆ ರವಿ ಮಾತಾಡಿದ ದಿನದ ಮರುದಿನ. ಪರೋಕ್ಷ ಮಾತಿನಲ್ಲಿ ನೀವು ನಿಮ್ಮ ಜಾಗದಲ್ಲೇ ಇರುತ್ತೀರಿ. "ನಾನು" ಅಂದರೆ ನೀವೇ. ಈ ಪುಟದಲ್ಲಿ ಬರುವ ತಪ್ಪುಗಳಲ್ಲಿ ಬಹುಪಾಲು ಒಂದೇ ಕಾರಣಕ್ಕೆ ಆಗುತ್ತವೆ. ಸುದ್ದಿ ತಲುಪಿಸುವವರು ಅರ್ಧ ವಾಕ್ಯ ಮೊದಲು ಮಾತಾಡಿದವನ ಜಾಗದಲ್ಲಿ, ಇನ್ನರ್ಧ ತಮ್ಮ ಜಾಗದಲ್ಲಿ ನಿಂತಿರುತ್ತಾರೆ. ಕೇಳುವವರಿಗೆ ಆ ಓಡಾಟ ಕಾಣುವುದಿಲ್ಲ.

"ನಾನು" ಅಂದಾಗ ಗೊಂದಲ ಆಗುವುದು ಯಾಕೆ?

ಕನ್ನಡದಲ್ಲಿ "ಅಂತ" ಅಥವಾ "ಎಂದು" ಎರಡು ಕೆಲಸವನ್ನೂ ಮಾಡುತ್ತದೆ. ಅದಕ್ಕಿಂತ ಮೊದಲು ನೇರ ಮಾತೂ ಬರಬಹುದು, ಪರೋಕ್ಷ ಮಾತೂ ಬರಬಹುದು. "ಅಂದ" ಕ್ರಿಯಾಪದವೂ ಹಾಗೇ. ಹಾಗಾಗಿ ಮೇಲಿನ ಕೋಚ್ ವಾಕ್ಯವನ್ನು ಎರಡು ಥರ ಓದಬಹುದು:

ಕೋಚ್, "ನಾನು ನಾಳೆ ಆಡ್ತೀನಿ" ಅಂದ್ರು. ಇಲ್ಲಿ ಆಡುವವರು ಕೋಚ್.

ನಾನು ನಾಳೆ ಆಡ್ತೀನಿ ಅಂತ ಕೋಚ್ ಅಂದ್ರು. ಇಲ್ಲಿ ಆಡುವವನು ಸುದ್ದಿ ಹೇಳುತ್ತಿರುವ ಹುಡುಗ. ಕೋಚ್ ಬಾಯಿಂದ ಬಂದ ಮಾತು "ನೀನು ನಾಳೆ ಆಡ್ತೀಯ" ಅಂತ.

ಬಾಯಲ್ಲಿ ಹೇಳುವಾಗ ದನಿ ಸ್ವಲ್ಪ ಸಹಾಯ ಮಾಡುತ್ತದೆ. ಕೋಚ್ ಹೆಸರಿನ ನಂತರ ಒಂದು ಸಣ್ಣ ನಿಲುಗಡೆ ಕೊಟ್ಟು, ಅವರ ಧಾಟಿಯಲ್ಲೇ ಮಾತಾಡಿದರೆ ನೇರ ಮಾತು ಅಂತ ತಿಳಿಯುತ್ತದೆ. ಮೆಸೇಜ್ ಬರೆಯುವಾಗ ಆ ದನಿ ಇರುವುದಿಲ್ಲ. ಉದ್ಧರಣ ಚಿಹ್ನೆ ಹಾಕುವ ಅಭ್ಯಾಸವೂ ಮೆಸೇಜಿನಲ್ಲಿ ಕಡಿಮೆ. ಅದಕ್ಕೇ ಈ ತಪ್ಪು ಬರಹದಲ್ಲಿ ಜಾಸ್ತಿ ಕಾಡುತ್ತದೆ.

ಬಿಡಿಸಿಕೊಳ್ಳುವ ದಾರಿ ಸುಲಭ. ಆಡುವವರು ಕೋಚ್ ಆಗಿದ್ದರೆ "ನಾನು" ಬಿಟ್ಟುಬಿಡಿ: "ಕೋಚ್ ನಾಳೆ ತಾವೇ ಆಡ್ತಾರಂತೆ." ಆಡುವವರು ನೀವಾಗಿದ್ದರೆ ಮಾತಿನ ಒಡೆಯರನ್ನು ಹಿಂದಕ್ಕೆ ಸರಿಸಿ, ನಿಮ್ಮನ್ನು ಮುಂದಿಡಿ: "ನಾಳೆ ನನ್ನನ್ನ ಆಡಿಸ್ತೀನಿ ಅಂತ ಕೋಚ್ ಹೇಳಿದ್ರು." ಇಲ್ಲಿ "ನನ್ನನ್ನ" ಹೇಳುವವನಿಗೆ ಸೇರಿದ್ದು, "ಆಡಿಸ್ತೀನಿ" ಕೋಚಿಗೆ ಸೇರಿದ್ದು. ಜಾಗ ಬೆರೆತಿದೆ, ನಿಜ. ಆದರೆ ತನ್ನನ್ನೇ ತಾನು ಆಡಿಸಿಕೊಳ್ಳುವ ಅರ್ಥ ಯಾರಿಗೂ ಹೊಳೆಯುವುದಿಲ್ಲವಾದ್ದರಿಂದ ಗೊಂದಲ ಆಗುವುದಿಲ್ಲ. ಆಡುಮಾತಿನಲ್ಲಿ ಇಂಥ ಬೆರಕೆ ಸಹಜ. ಅರ್ಥ ಎರಡಾಗದಿದ್ದರೆ ಅದನ್ನು ತಿದ್ದಲು ಹೋಗಬೇಡಿ.

"ನೀನು" ಬಂದರೆ ಇನ್ನೂ ಕಷ್ಟ ಅಲ್ವಾ?

ಹೌದು, ನನ್ನ ಲೆಕ್ಕದಲ್ಲಿ "ನಾನು"ವಿಗಿಂತ "ನೀನು" ಅಪಾಯಕಾರಿ. "ನಾನು" ತಪ್ಪಾದರೆ ಕೇಳುವವರು ಗೊಂದಲಪಟ್ಟು ತಿರುಗಿ ಕೇಳುತ್ತಾರೆ. "ನೀನು" ತಪ್ಪಾದರೆ ಅವರು ಕೇಳುವುದೂ ಇಲ್ಲ. ಅದು ತಮಗೇ ಹೇಳಿದ್ದು ಅಂತ ನಂಬಿಬಿಡುತ್ತಾರೆ.

ಅಣ್ಣ ಬಂದು ತಂಗಿಗೆ ಹೇಳುತ್ತಾನೆ: "ಡಾಕ್ಟರ್ ನೀನು ಮೂರು ದಿನ ಮಾತ್ರೆ ತಗೋಬೇಕು ಅಂದ್ರು." ಡಾಕ್ಟರ್ ಅಣ್ಣನನ್ನು ನೋಡಿ ಹೇಳಿದ ಮಾತು ಇದಾಗಿದ್ದರೆ, ತಂಗಿ ಸುಮ್ನೆ ಮಾತ್ರೆ ತಗೊಳ್ಳಲು ಶುರು ಮಾಡಬಹುದು. ಅಣ್ಣ ಹೇಳಬೇಕಿದ್ದದ್ದು: "ಡಾಕ್ಟರ್ ನನಗೆ ಮೂರು ದಿನ ಮಾತ್ರೆ ತಗೋ ಅಂದ್ರು." ಇದರಲ್ಲಿ "ತಗೋ" ಡಾಕ್ಟರ್ ಬಾಯಿಯ ಮಾತೇ. ಆದರೆ "ನನಗೆ" ಅನ್ನುವುದು ಆ ಮಾತು ಯಾರ ಕಿವಿಗೆ ಬಿದ್ದದ್ದು ಅಂತ ತೋರಿಸುತ್ತದೆ. ಯಾರು ಹೇಳಿದರು ಅನ್ನುವುದರ ಜೊತೆ ಯಾರಿಗೆ ಹೇಳಿದರು ಅನ್ನುವುದನ್ನೂ ಸೇರಿಸಿದರೆ "ನೀನು"ವಿನ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ.

"ತಾನು" ಯಾವಾಗ, "ಅವನು" ಯಾವಾಗ?

ಮಾತಾಡಿದವನನ್ನೇ ಮತ್ತೆ ತೋರಿಸಲು "ತಾನು". ಬೇರೆ ಒಬ್ಬನನ್ನು ತೋರಿಸಲು "ಅವನು".

ತಾನು ಗೆದ್ದಿರುವುದಾಗಿ ರವಿ ಹೇಳಿದ. ಗೆದ್ದವನು ರವಿ.

ಅವನು ಗೆದ್ದಿರುವುದಾಗಿ ರವಿ ಹೇಳಿದ. ಗೆದ್ದವನು ರವಿ ಅಲ್ಲ, ಮೊದಲೇ ಮಾತಿಗೆ ಬಂದಿದ್ದ ಇನ್ನೊಬ್ಬ.

ಇಂಗ್ಲಿಷಿನಲ್ಲಿ ಎರಡಕ್ಕೂ "ಹಿ" ಒಂದೇ. ಹಾಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಬರಹಗಳಲ್ಲಿ "ರವಿ ಅವನು ಗೆದ್ದಿರುವುದಾಗಿ ಹೇಳಿದ" ಅನ್ನುವಂಥ ವಾಕ್ಯಗಳು ಬರುತ್ತವೆ. ಕನ್ನಡ ಓದುಗರು ತಕ್ಷಣ ಇನ್ನೊಬ್ಬನನ್ನು ಹುಡುಕುತ್ತಾರೆ. ಕನ್ನಡಕ್ಕೆ ಇರುವ ಈ ಅನುಕೂಲವನ್ನು ಕೈಬಿಡಬಾರದು.

ಆದರೆ "ತಾನು" ಎಲ್ಲ ಸಮಸ್ಯೆಯನ್ನೂ ಬಗೆಹರಿಸುತ್ತದೆ ಅಂದುಕೊಳ್ಳಬೇಡಿ. "ತನ್ನ ಬ್ಯಾಗು ತರುವಂತೆ ಸುರೇಶ ರವಿಗೆ ಹೇಳಿದ." ಬ್ಯಾಗು ಯಾರದು? ಹೇಳಿದವನು ಸುರೇಶ, ತರುವವನು ರವಿ. "ತನ್ನ" ಇಬ್ಬರಿಗೂ ಹೊಂದುತ್ತದೆ. ಇಂಥ ಕಡೆ ಸರ್ವನಾಮ ಬಿಟ್ಟು ಹೆಸರೇ ಹಾಕಿ, ಇಲ್ಲದಿದ್ದರೆ ನೇರ ಮಾತಿಗೆ ಹೋಗಿ: "ನನ್ನ ಬ್ಯಾಗು ತಗೊಂಡು ಬಾ" ಎಂದು ಸುರೇಶ ರವಿಗೆ ಹೇಳಿದ.

"ತಾವು" ಬಗ್ಗೆಯೂ ಒಂದು ಮಾತು. ಅದು "ತಾನು"ವಿನ ಬಹುವಚನವೂ ಹೌದು, ಎದುರಿನವರನ್ನು ಗೌರವದಿಂದ ಕರೆಯುವ ಪದವೂ ಹೌದು. "ತಾವು ಸಭೆಗೆ ಬರುವುದಾಗಿ ಅಧ್ಯಕ್ಷರು ತಿಳಿಸಿದ್ದಾರೆ" ಅನ್ನುವುದನ್ನು ಪತ್ರದಲ್ಲಿ ಬರೆದರೆ, ಸಭೆಗೆ ಬರುವವರು ಅಧ್ಯಕ್ಷರೋ ಪತ್ರ ಓದುತ್ತಿರುವವರೋ ತಿಳಿಯುವುದಿಲ್ಲ. "ಅಧ್ಯಕ್ಷರು ಸ್ವತಃ ಬರುವುದಾಗಿ ತಿಳಿಸಿದ್ದಾರೆ" ಅಂದರೆ ಮುಗಿಯಿತು.

"ತಾನು ಬರುತ್ತೇನೆ ಎಂದ" ಅನ್ನುವುದು ತಪ್ಪಾ? "ತಾನು" ಇದ್ದ ಮೇಲೆ "ಬರುತ್ತಾನೆ" ಬರಬೇಕಲ್ವಾ?

ಲೆಕ್ಕದ ಪ್ರಕಾರ ನೋಡಿದರೆ ಇದು ವಿಚಿತ್ರವೇ. "ತಾನು" ಪರೋಕ್ಷ ಮಾತಿನ ಪದ. "ಬರುತ್ತೇನೆ" ನೇರ ಮಾತಿನ ಪದ. ಎರಡೂ ಒಂದೇ ವಾಕ್ಯದಲ್ಲಿ ಸೇರಿವೆ. ಆದರೆ ಕನ್ನಡಿಗರು ಇದನ್ನು ಸಲೀಸಾಗಿ ಬಳಸುತ್ತಾರೆ, ಓದುಗರಿಗೂ ಎಲ್ಲೂ ತೊಡಕಾಗುವುದಿಲ್ಲ. "ತಾನು" ಅಂದ ಕೂಡಲೇ ಮಾತಾಡಿದವನು ಅಂತ ಗೊತ್ತಾಗುತ್ತದೆ. "ಬರುತ್ತೇನೆ" ಅದನ್ನೇ ಗಟ್ಟಿ ಮಾಡುತ್ತದೆ. ಎರಡೂ ಒಬ್ಬನನ್ನೇ ತೋರಿಸುವುದರಿಂದ ಜಗಳ ಇಲ್ಲ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಇದಕ್ಕೆ ಬದಲಾಗಿ "ತಾನು ಬರುತ್ತಾನೆ ಎಂದ" ಅಂತ ತಿದ್ದಿದರೆ ವಾಕ್ಯ ಇನ್ನೂ ಕೆಡುತ್ತದೆ. ಕಚೇರಿ ಬರಹದಲ್ಲಿ ಬೆರಕೆ ಬೇಡ ಅನ್ನಿಸಿದರೆ "ಬರುವುದಾಗಿ" ರೂಪ ಇದೆ. ಅದರಲ್ಲಿ ನಾನು, ನೀನು, ಅವನು ಅಂತ ತೋರಿಸುವ ಪ್ರತ್ಯಯವೇ ಇಲ್ಲ. ಹಾಗಾಗಿ ಜಗಳವೂ ಇಲ್ಲ. "ರವಿ ಬರುವುದಾಗಿ ಹೇಳಿದ." ಬರುವವನು ಯಾರು ಅಂತ ಬೇರೆ ಹೇಳದಿದ್ದರೆ, ಹೇಳಿದವನೇ ಬರುತ್ತಾನೆ ಅಂತ ಓದುಗರು ತಿಳಿಯುತ್ತಾರೆ.

ನಿಜವಾದ ತಪ್ಪು ಇರುವುದು ಇದೇ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದಾಗ. "ತಾನು ಬರುತ್ತೇನೆ" ಎಂದು ರವಿ ಹೇಳಿದ. ಚಿಹ್ನೆ ಹಾಕಿದ ಮೇಲೆ ಒಳಗಿರುವುದು ರವಿಯ ಬಾಯಿಂದ ಬಂದ ಮಾತು ಅಂತ ನೀವು ಮಾತು ಕೊಟ್ಟ ಹಾಗೆ. ಯಾರೂ ತಮ್ಮ ಬಗ್ಗೆ "ತಾನು ಬರುತ್ತೇನೆ" ಅಂತ ಮಾತಾಡುವುದಿಲ್ಲ. ಚಿಹ್ನೆ ತೆಗೆಯಿರಿ, ಇಲ್ಲವೇ "ನಾನು" ಅಂತ ಮಾಡಿ.

ಕಾಲ ಬದಲಾಯಿಸಬೇಕಾ? "ಜ್ವರ ಇದೆ ಎಂದ" ಸರಿಯೋ, "ಜ್ವರ ಇತ್ತು ಎಂದ" ಸರಿಯೋ?

ಇದು ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಚೆನ್ನಾಗಿ ಕಲಿತವರು ಮಾಡುವ ತಪ್ಪು. ಇಂಗ್ಲಿಷಿನಲ್ಲಿ ಹೇಳಿದ್ದು ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವನ್ನೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತಾರೆ. "ಈಸ್" ಇದ್ದದ್ದು "ವಾಸ್" ಆಗುತ್ತದೆ, "ವಿಲ್" ಇದ್ದದ್ದು "ವುಡ್" ಆಗುತ್ತದೆ. ಕನ್ನಡದಲ್ಲಿ ಈ ನಿಯಮ ಇಲ್ಲ. ಒಳಗಿನ ಕಾಲವನ್ನು ಮಾತಾಡಿದ ಗಳಿಗೆಯಿಂದ ಅಳೆಯುತ್ತೇವೆ.

ಹಾಗಾಗಿ ಸೋಮವಾರ ರವಿ "ನನಗೆ ಜ್ವರ ಇದೆ" ಅಂದಿದ್ದರೆ, ಗುರುವಾರ ನೀವು ಹೇಳುವಾಗಲೂ ಅದು "ಇದೆ"ಯೇ. "ತನಗೆ ಜ್ವರ ಇದೆ ಎಂದು ರವಿ ಹೇಳಿದ." ಗುರುವಾರದ ಹೊತ್ತಿಗೆ ಜ್ವರ ಇಳಿದಿದ್ದರೂ ಪರವಾಗಿಲ್ಲ. ಮಾತಾಡುವ ಹೊತ್ತಿನಲ್ಲಿ ಜ್ವರ ಇತ್ತು ಅನ್ನುವುದನ್ನು "ಇದೆ" ಹೇಳುತ್ತದೆ, ಅಷ್ಟೇ.

ಇದನ್ನು "ತನಗೆ ಜ್ವರ ಇತ್ತು ಎಂದು ರವಿ ಹೇಳಿದ" ಅಂತ ಮಾಡಿದರೆ ಅರ್ಥವೇ ಬದಲು. ಸೋಮವಾರಕ್ಕಿಂತ ಮೊದಲು ಜ್ವರ ಇತ್ತು, ಮಾತಾಡುವಾಗ ಹೋಗಿತ್ತು ಅಂತ ಆಗುತ್ತದೆ. ರವಿ ರಜೆ ಕೇಳಲು ಫೋನ್ ಮಾಡಿದ್ದರೆ, ನಿಮ್ಮ ಒಂದು "ಇತ್ತು" ಅವನ ರಜೆಯನ್ನೇ ಕಿತ್ತುಕೊಳ್ಳಬಹುದು.

ತಿಳಿಯುವುದು, ನೋಡುವುದು, ಅಂದುಕೊಳ್ಳುವುದು, ಇವೂ ಹೀಗೇ. "ಬಾಗಿಲು ತೆರೆದೆ. ಅಕ್ಕ ಬಂದಿದ್ದಾಳೆ ಅಂತ ಗೊತ್ತಾಯ್ತು." ಅಕ್ಕ ಒಳಗೇ ಇದ್ದಾಳೆ. "ಅಕ್ಕ ಬಂದಿದ್ದಳು ಅಂತ ಗೊತ್ತಾಯ್ತು." ಬಂದು ಹೋಗಿದ್ದಾಳೆ. ಬದಲಾದದ್ದು ಕೊನೆಯ ಅಕ್ಷರಗಳು ಮಾತ್ರ. ಆದರೆ ಮೊದಲನೆಯದರಲ್ಲಿ ಅಕ್ಕ ಸಿಗುತ್ತಾಳೆ, ಎರಡನೆಯದರಲ್ಲಿ ಇಲ್ಲ.

"ಬರುವುದಾಗಿ" ರೂಪದಲ್ಲೂ ಕಾಲ ಉಳಿಯುತ್ತದೆ, ಸರಿಯಾದದ್ದನ್ನು ಆರಿಸಬೇಕು ಅಷ್ಟೇ. "ಬರುತ್ತೇನೆ" ಅಂದಿದ್ದರೆ "ಬರುವುದಾಗಿ". "ಬರುತ್ತಿದ್ದೇನೆ" ಅಂದಿದ್ದರೆ "ಬರುತ್ತಿರುವುದಾಗಿ". "ಬಂದಿದ್ದೇನೆ" ಅಂದಿದ್ದರೆ "ಬಂದಿರುವುದಾಗಿ". ವರದಿಗಳಲ್ಲಿ ಎಲ್ಲವನ್ನೂ "ಬರುವುದಾಗಿ" ಮಾಡಿಬಿಡುವುದನ್ನು ನೋಡಿದ್ದೇನೆ. ದಾರಿಯಲ್ಲಿ ಇರುವವನನ್ನು ಇನ್ನೂ ಹೊರಡದವನನ್ನಾಗಿ ಮಾಡುವುದು ಅದು.

ಹಾಗಾದರೆ ಕನ್ನಡಿಗರು ಇಂಗ್ಲಿಷ್ ಮಾತಾಡುವಾಗ ಇದರ ಉಲ್ಟಾ ಆಗುತ್ತದಾ?

ಆಗುತ್ತದೆ. "ನಾನು ಬ್ಯುಸಿ ಇದ್ದೀನಿ ಅಂತ ಅವನು ಹೇಳಿದ" ಅನ್ನುವುದನ್ನು ಹಾಗೇ ಇಳಿಸಿ "ಹಿ ಸೆಡ್ ದಟ್ ಐ ಆಮ್ ಬ್ಯುಸಿ" ಅನ್ನುತ್ತೇವೆ. ಇಂಗ್ಲಿಷಿನ "ದಟ್" ನಮ್ಮ "ಅಂತ" ಥರ ಅಲ್ಲ. ಅದರ ನಂತರ ನೇರ ಮಾತು ಬರುವಂತಿಲ್ಲ. ಹಾಗಾಗಿ ಕೇಳುವವರಿಗೆ ಬ್ಯುಸಿ ಇರುವವರು ನೀವೇ ಅಂತ ಅನ್ನಿಸುತ್ತದೆ. "ಹಿ ಸೆಡ್ ದಟ್ ಹಿ ವಾಸ್ ಬ್ಯುಸಿ" ಅನ್ನಬೇಕು. ಸರ್ವನಾಮವೂ ಕಾಲವೂ ಎರಡೂ ಬದಲಾಗಿವೆ.

ಪ್ರಶ್ನೆಯಲ್ಲಿ ಪದಗಳ ಕ್ರಮವನ್ನೂ ನೋಡಬೇಕು. "ಹಿ ಆಸ್ಕ್ಡ್ ಮಿ ವೇರ್ ಆರ್ ಯು ಗೋಯಿಂಗ್" ಅಲ್ಲ, "ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್". ಈಗಲೂ ನಿಜವಾಗಿರುವ ವಿಷಯ ಆಗಿದ್ದರೆ ಇಂಗ್ಲಿಷಿನಲ್ಲೂ ಕಾಲ ಬದಲಾಯಿಸದೆ ಬಿಡಬಹುದು. ಭೂಮಿ ದುಂಡಗಿದೆ ಅಂತ ಟೀಚರ್ ಹೇಳಿದರೆ "ಈಸ್" ಅಂತ ಇಟ್ಟರೂ ತಪ್ಪಿಲ್ಲ. ಸರ್ವನಾಮಕ್ಕೆ ಮಾತ್ರ ಇಂಥ ವಿನಾಯಿತಿ ಇಲ್ಲ.

ನಾಳೆ, ನಿನ್ನೆ, ಇಲ್ಲಿ, ಬಾ, ಹೋಗು: ಇವನ್ನೆಲ್ಲಾ ಬದಲಾಯಿಸಲೇಬೇಕಾ?

ದಿನ ಅಥವಾ ಜಾಗ ಬದಲಾಗಿದ್ದರೆ ಮಾತ್ರ. ಶಾಲೆಯ ಪಟ್ಟಿಯಲ್ಲಿ "ನಾಳೆ" ಇದ್ದದ್ದು "ಮರುದಿನ" ಆಗಬೇಕು, "ನಿನ್ನೆ" ಇದ್ದದ್ದು "ಹಿಂದಿನ ದಿನ" ಆಗಬೇಕು ಅಂತ ಕಲಿಸುತ್ತಾರೆ. ಕಣ್ಣು ಮುಚ್ಚಿ ಅದನ್ನು ಪಾಲಿಸಿದರೂ ತಪ್ಪಾಗುತ್ತದೆ. ಬೆಳಿಗ್ಗೆ ಕೇಳಿದ್ದನ್ನು ಸಂಜೆ ಹೇಳುವಾಗ ನಾಳೆ ನಾಳೆಯೇ. ಅದನ್ನು "ಮರುದಿನ" ಮಾಡಿದರೆ ಯಾವ ದಿನದ ಮರುದಿನ ಅಂತ ಕೇಳುವವರು ಲೆಕ್ಕ ಹಾಕಬೇಕಾಗುತ್ತದೆ.

ಒಂದು ದಿನ ಕಳೆದ ಮೇಲೆ ಹೇಳುವುದಾದರೆ ವಾರದ ಹೆಸರು ಅಥವಾ ತಾರೀಖು ಹಾಕುವುದು ನನಗೆ ಇಷ್ಟ. "ಮಂಗಳವಾರ ಬರ್ತೀನಿ ಅಂದಿದ್ದ." ಇದನ್ನು ಯಾವ ದಿನ ಓದಿದರೂ ಅರ್ಥ ಜಾರುವುದಿಲ್ಲ. ಗುಂಪಿನಲ್ಲಿ ಹಾಕುವ ಮೆಸೇಜನ್ನು ಕೆಲವರು ಎರಡು ದಿನ ಬಿಟ್ಟು ಓದುತ್ತಾರೆ. ಅವರಿಗೆ "ನಾಳೆ" ಯಾವಾಗಲೂ ತಪ್ಪು ದಿನವೇ.

"ಬಾ" ಮತ್ತು "ಹೋಗು" ಜಾಗಕ್ಕೆ ಅಂಟಿಕೊಂಡ ಪದಗಳು. ಆಫೀಸಿನಲ್ಲಿ ಕೂತ ಮ್ಯಾನೇಜರ್ "ಇಲ್ಲಿಗೆ ಬಾ" ಅಂತ ನಿಮಗೆ ಫೋನಿನಲ್ಲಿ ಹೇಳಿದರೆ, ಮನೆಯಲ್ಲಿರುವವರಿಗೆ ನೀವು "ಮ್ಯಾನೇಜರ್ ಇಲ್ಲಿಗೆ ಬರಲು ಹೇಳಿದರು" ಅನ್ನಬಾರದು. "ಆಫೀಸಿಗೆ ಬಾ ಅಂದರು" ಅಥವಾ "ಆಫೀಸಿಗೆ ಹೋಗಬೇಕಂತೆ" ಅನ್ನಬಹುದು.

ಒಂದು ಇಡೀ ಮಾತನ್ನು ತೆಗೆದುಕೊಂಡು ತೋರಿಸಬಹುದಾ?

ಸೋಮವಾರ ಸಂಜೆ ಶ್ರುತಿ ತನ್ನ ಮನೆಯಿಂದ ಮಂಜುಗೆ ಫೋನ್ ಮಾಡಿ ಹೇಳಿದ ಮಾತು ಇದು:

"ನಾನು ನಾಳೆ ನಿಮ್ಮ ಮನೆಗೆ ಬರ್ತೀನಿ. ನಿನ್ನ ಪುಸ್ತಕ ಇಲ್ಲೇ ಇದೆ, ತರ್ತೀನಿ. ನಿಮ್ಮಕ್ಕನಿಗೆ ಎಲ್ಲೂ ಹೋಗಬೇಡ ಅಂತ ಹೇಳು."

ಫೋನ್ ಇಟ್ಟ ತಕ್ಷಣ ಮಂಜು ಅಕ್ಕ ಲತಾಗೆ ಹೀಗೆ ಹೇಳಿದ ಅಂದುಕೊಳ್ಳಿ: "ಶ್ರುತಿ ನಾಳೆ ಬರ್ತಾಳಂತೆ. ನಿನ್ನ ಪುಸ್ತಕ ಇಲ್ಲೇ ಇದೆ ಅಂದ್ಲು, ತರ್ತೀನಿ ಅಂದ್ಲು. ಅಕ್ಕನಿಗೆ ಎಲ್ಲೂ ಹೋಗಬೇಡ ಅಂತ ಹೇಳು ಅಂದ್ಲು." ಮೊದಲ ವಾಕ್ಯ ಮಂಜುವಿನ ಜಾಗದಿಂದ, ಉಳಿದವು ಶ್ರುತಿಯ ಜಾಗದಿಂದ. ಲತಾ ಏನು ತಿಳಿಯುತ್ತಾಳೆ? ತನ್ನ ಪುಸ್ತಕ ತರುತ್ತಾಳೆ ಅಂತ. ಅದೂ "ಇಲ್ಲೇ" ಇರುವ ಪುಸ್ತಕವನ್ನು ತರುವುದೇನು ಅಂತ ತಲೆ ಕೆರೆದುಕೊಳ್ಳುತ್ತಾಳೆ.

ಒಂದೊಂದೇ ಪದ ನೋಡೋಣ. "ನಾನು" ಶ್ರುತಿ, ಈಗ ಇಲ್ಲಿಲ್ಲ, ಹಾಗಾಗಿ ಹೆಸರು ಅಥವಾ "ಅವಳು". "ನಿಮ್ಮ ಮನೆ" ಮಂಜು ಮತ್ತು ಲತಾ ಇಬ್ಬರದೂ, ಹಾಗಾಗಿ "ನಮ್ಮ ಮನೆ". "ನಿನ್ನ ಪುಸ್ತಕ" ಮಂಜುವಿನದು, ಈಗ ಮಾತಾಡುವವನು ಅವನೇ, ಹಾಗಾಗಿ "ನನ್ನ ಪುಸ್ತಕ". "ಇಲ್ಲೇ" ಶ್ರುತಿಯ ಮನೆ, ಹಾಗಾಗಿ "ಅವಳ ಹತ್ತಿರ". "ನಿಮ್ಮಕ್ಕ" ಎದುರಿಗೇ ನಿಂತಿದ್ದಾಳೆ, ಹಾಗಾಗಿ "ನೀನು". "ನಾಳೆ" ಮಾತ್ರ ಹಾಗೇ ಉಳಿಯುತ್ತದೆ, ದಿನ ಇನ್ನೂ ಸೋಮವಾರವೇ. "ಬರ್ತೀನಿ"ಯಲ್ಲಿ "ಬರು" ಉಳಿಯುತ್ತದೆ, ಏಕೆಂದರೆ ಮಂಜು, ಲತಾ ಇಬ್ಬರೂ ಆ ಮನೆಯಲ್ಲೇ ಇದ್ದಾರೆ.

ಸರಿಯಾದ ಮಾತು: "ನಾಳೆ ಶ್ರುತಿ ನಮ್ಮ ಮನೆಗೆ ಬರ್ತಾಳಂತೆ. ನನ್ನ ಪುಸ್ತಕ ಅವಳ ಹತ್ತಿರಾನೇ ಇದೆಯಂತೆ, ತರ್ತಾಳಂತೆ. ನೀನು ಎಲ್ಲೂ ಹೋಗಬಾರದಂತೆ."

ಅದೇ ಮಾತನ್ನು ಗುರುವಾರ ಮಂಜು ಒಬ್ಬ ಗೆಳೆಯನಿಗೆ ಬರೆದು ತಿಳಿಸಿದರೆ ಮತ್ತೆ ಬೇರೆ: "ಮಂಗಳವಾರ ನಮ್ಮ ಮನೆಗೆ ಬರುವುದಾಗಿ ಶ್ರುತಿ ಸೋಮವಾರ ಫೋನ್ ಮಾಡಿ ಹೇಳಿದ್ದಳು. ನನ್ನ ಪುಸ್ತಕ ತನ್ನ ಹತ್ತಿರವೇ ಇರುವುದಾಗಿಯೂ ಅದನ್ನು ತರುವುದಾಗಿಯೂ ತಿಳಿಸಿದ್ದಳು. ನಮ್ಮಕ್ಕನಿಗೆ ಎಲ್ಲೂ ಹೋಗದಿರಲು ಹೇಳು ಅಂದಿದ್ದಳು." ಲತಾ ಈಗ ಎದುರಿಗಿಲ್ಲ, "ನೀನು" ಹೋಗಿ "ನಮ್ಮಕ್ಕ" ಬಂತು. "ನಾಳೆ" ಮಂಗಳವಾರ ಆಯಿತು. ಪುಸ್ತಕ "ಇರುವುದಾಗಿ" ಅಂತಲೇ ಇದೆ ನೋಡಿ, "ಇದ್ದುದಾಗಿ" ಅಂತ ಆಗಲಿಲ್ಲ. ಕೊನೆಯ ವಾಕ್ಯದ "ಹೇಳು" ಶ್ರುತಿಯ ಮಾತೇ. ಅಲ್ಲಿ ಬೇರೆ ಅರ್ಥಕ್ಕೆ ಜಾಗ ಇಲ್ಲ, ಇರಲಿ.

ಪ್ರಶ್ನೆ ಮತ್ತು ಅಪ್ಪಣೆಯನ್ನು ಹೇಗೆ ಹೇಳುವುದು?

ಪ್ರಶ್ನೆ ಸುಲಭ. "ಬರ್ತೀಯಾ ಅಂತ ನನ್ನನ್ನ ಕೇಳಿದ" ಅಂದರೆ ಸಾಕು. ಪೂರ್ತಿ ಪರೋಕ್ಷ ಬೇಕಾದರೆ "ನಾನು ಬರುತ್ತೇನೋ ಇಲ್ಲವೋ ಎಂದು ಕೇಳಿದ". "ಕೇಳು" ಅನ್ನುವುದಕ್ಕೆ ಪ್ರಶ್ನಿಸುವುದು, ಕಿವಿಗೆ ಬೀಳುವುದು ಎರಡೂ ಅರ್ಥ ಇರುವುದರಿಂದ, "ಅವನು ಬಂದಿದ್ದಾನೆ ಅಂತ ಕೇಳಿದೆ" ಥರದ ಕಡೆ ಸ್ವಲ್ಪ ಎಚ್ಚರ.

ಅಪ್ಪಣೆಯಲ್ಲಿ, ಅದರಲ್ಲೂ "ಬೇಡ" ಇದ್ದಾಗ, ದೊಡ್ಡ ತಪ್ಪು ಆಗುತ್ತದೆ. "ಬಾಗಿಲು ತೆಗೆಯಬೇಡ" ಅಂತ ಅಮ್ಮ ಹೇಳಿದ್ದಾರೆ. ಇದನ್ನು "ಬಾಗಿಲು ತೆಗೆಯಲು ಅಮ್ಮ ಹೇಳಲಿಲ್ಲ" ಅಂತ ತಲುಪಿಸಿದರೆ ಅರ್ಥ ಬೇರೆ. ಅಮ್ಮ ಆ ವಿಷಯವೇ ಎತ್ತಲಿಲ್ಲ, ತೆಗೆದರೂ ಆಗುತ್ತದೆ ಅಂತ ಆಯಿತು. ಇಲ್ಲ ಅನ್ನುವುದು ಒಳಗಿನ ಕೆಲಸಕ್ಕೆ ಸೇರಬೇಕು, ಹೇಳುವ ಕ್ರಿಯೆಗೆ ಅಲ್ಲ: "ಬಾಗಿಲು ತೆಗೆಯಬಾರದು ಅಂತ ಅಮ್ಮ ಹೇಳಿದ್ದಾರೆ", "ಬಾಗಿಲು ತೆಗೆಯದಂತೆ ಅಮ್ಮ ಹೇಳಿದ್ದಾರೆ". ವಾಕ್ಯ ಮುಗಿಯುವ ಕ್ರಿಯಾಪದ "ಹೇಳಿದ" ಅಂತ ಇದೆಯೋ "ಹೇಳಲಿಲ್ಲ" ಅಂತ ಇದೆಯೋ ನೋಡಿದರೆ ಗೊತ್ತಾಗುತ್ತದೆ.

"ಅಂತೆ" ಬಳಸಿದರೆ ಸುಲಭ ಆಗುತ್ತದಾ?

ಆಗುತ್ತದೆ. "ಅಂತೆ" ಯಾವಾಗಲೂ ಹೇಳುತ್ತಿರುವವರ ಜಾಗದಿಂದಲೇ ಮಾತಾಡಿಸುತ್ತದೆ. ರವಿಯ "ಬರ್ತೀನಿ" ನಿಮ್ಮ ಬಾಯಲ್ಲಿ "ಬರ್ತಾನಂತೆ" ಆಗಲೇಬೇಕು. ಕೋಚಿನ ಮಾತಿಗೂ ಇದು ಮದ್ದು: "ನಾಳೆ ನಾನು ಆಡ್ತೀನಂತೆ" ಅಂದರೆ ಆಡುವವರು ನೀವೇ, ಎರಡನೇ ಅರ್ಥ ಇಲ್ಲ.

ಆದರೆ "ಅಂತೆ" ಇದ್ದಲ್ಲಿ ಯಾರು ಹೇಳಿದರು ಅನ್ನುವುದು ಮರೆಯಾಗಬಹುದು. ಜೊತೆಗೆ ನನಗೆ ಗೊತ್ತಿಲ್ಲಪ್ಪ, ಕೇಳಿದ್ದು ಹೇಳ್ತಿದ್ದೀನಿ ಅನ್ನುವ ಧಾಟಿ ಅದಕ್ಕೆ ಅಂಟಿಕೊಂಡಿದೆ. ಸಭೆಯ ನಡಾವಳಿಯಲ್ಲೋ ದೂರಿನ ಪತ್ರದಲ್ಲೋ ಅದು ಒಪ್ಪುವುದಿಲ್ಲ. "ಅವರಿಗೆ ಹಣ ತಲುಪಿಲ್ಲವಂತೆ" ಅಂತ ಬರೆದರೆ ನೀವೇ ಅನುಮಾನಪಟ್ಟ ಹಾಗೆ ಕಾಣುತ್ತದೆ.

ಉದ್ದ ವರದಿ ಬರೆಯುವಾಗ ಯಾವುದು ಅವರ ಮಾತು, ಯಾವುದು ನನ್ನ ಮಾತು ಅಂತ ಬೆರೆತುಹೋಗುತ್ತದೆ. ಏನು ಮಾಡಲಿ?

ಇದು ಕನ್ನಡದ ವಾಕ್ಯ ರಚನೆಯಿಂದಲೇ ಬರುವ ತೊಂದರೆ. ಯಾರು ಹೇಳಿದರು ಅನ್ನುವುದು ನಮ್ಮಲ್ಲಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹೀಗೆ ಬರೆದಿದ್ದೀರಿ ಅಂದುಕೊಳ್ಳಿ:

ಕಟ್ಟಡದ ಚಾವಣಿ ಸೋರುತ್ತಿದೆ. ಎರಡು ಸಲ ದೂರು ಕೊಟ್ಟರೂ ಯಾರೂ ಬಂದಿಲ್ಲ. ದುರಸ್ತಿಗೆ ಹಣ ಇಲ್ಲ ಎಂದು ಕಾರ್ಯದರ್ಶಿ ಹೇಳಿದರು.

ಮೂರೂ ಕಾರ್ಯದರ್ಶಿಯ ಮಾತುಗಳೇ ಆಗಿದ್ದರೂ, ಓದುವವರಿಗೆ ಮೊದಲ ಎರಡು ನೀವೇ ಕಂಡು ಬರೆದ ಸಂಗತಿಗಳ ಹಾಗೆ ಕಾಣುತ್ತವೆ. "ಎಂದು" ಅದಕ್ಕೆ ಅಂಟಿದ ವಾಕ್ಯವನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ಪೂರ್ಣವಿರಾಮ ದಾಟಿ ಹೋಗುವುದಿಲ್ಲ. ನಾಳೆ ಯಾರಾದರೂ ಚಾವಣಿ ಸೋರುತ್ತಿಲ್ಲ ಅಂದರೆ ಉತ್ತರ ಕೊಡಬೇಕಾದವರು ನೀವು.

ಒಂದು ದಾರಿ, "ಎಂದೂ" ಹಾಕಿ ಜೋಡಿಸುವುದು: ಚಾವಣಿ ಸೋರುತ್ತಿದೆ ಎಂದೂ, ಎರಡು ಸಲ ದೂರು ಕೊಟ್ಟರೂ ಯಾರೂ ಬಂದಿಲ್ಲ ಎಂದೂ, ದುರಸ್ತಿಗೆ ಹಣ ಇಲ್ಲ ಎಂದೂ ಕಾರ್ಯದರ್ಶಿ ಹೇಳಿದರು. ಮೂರು ದಾಟಿದರೆ ಇದು ಓದಲು ಭಾರ. ಆಗ ಹೇಳಿದವರನ್ನು ಮುಂದಕ್ಕೆ ತನ್ನಿ: "ಕಾರ್ಯದರ್ಶಿ ಹೇಳಿದ್ದು ಇಷ್ಟು." ಆಮೇಲೆ ಬರುವ ವಾಕ್ಯಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ಅವರ ಮಾತು ಮುಗಿದ ಕಡೆ ಪ್ಯಾರಾ ಬದಲಾಯಿಸಿ. ಇಲ್ಲದಿದ್ದರೆ ನಿಮ್ಮ ಅಭಿಪ್ರಾಯ ಅವರ ತಲೆಗೆ ಹೋಗಿ ಕೂರುತ್ತದೆ.

"ಹೇಳಿದ" ಬದಲು "ಒಪ್ಪಿಕೊಂಡ", "ಆರೋಪಿಸಿದ" ಅಂತ ಬರೆಯಬಹುದಾ?

ಅವರು ನಿಜವಾಗಲೂ ಒಪ್ಪಿಕೊಂಡಿದ್ದರೆ ಬರೆಯಿರಿ. "ತಡವಾಯಿತು" ಅಂತ ಸುಮ್ನೆ ಹೇಳಿದವನನ್ನು "ತಡವಾದದ್ದನ್ನು ಒಪ್ಪಿಕೊಂಡ" ಅಂತ ಬರೆದರೆ ಅವನ ಮೇಲೆ ತಪ್ಪು ಹೊರಿಸಿದ ಹಾಗೆ. "ಹೇಳಿದ" ಹತ್ತು ಸಲ ಬಂದರೂ ಬೇಸರ ಇಲ್ಲ.

ಕಳಿಸುವ ಮುಂಚೆ ಪರೀಕ್ಷಿಸಲು ಏನಾದರೂ ಉಪಾಯ ಇದೆಯಾ?

ಬರೆದದ್ದನ್ನು ಪಡೆಯುವವರ ಜಾಗದಲ್ಲಿ ಕೂತು ಓದಿ. ಪ್ರತಿ "ನಾನು", "ನೀನು", "ತನ್ನ"ಗಳ ಹತ್ತಿರ ನಿಂತು ಅಲ್ಲಿ ಹೆಸರು ಹಾಕಿ ನೋಡಿ. ಒಂದಕ್ಕಿಂತ ಹೆಚ್ಚು ಹೆಸರು ಹೊಂದಿದರೆ ಹೆಸರನ್ನೇ ಬರೆದು ಕಳಿಸಿ. ಆಮೇಲೆ "ಇದೆ", "ಇತ್ತು" ನೋಡಿ: ಮಾತಾಡಿದವರ ಬಾಯಲ್ಲಿ ಯಾವುದಿತ್ತೋ ಅದೇ ಇರಬೇಕು. ಕೊನೆಗೆ "ನಾಳೆ" ಎಲ್ಲಾದರೂ ಉಳಿದಿದೆಯಾ ನೋಡಿ. ಉಳಿದಿದ್ದರೆ ಪಕ್ಕದಲ್ಲಿ ತಾರೀಖು ಬರೆಯಿರಿ.